ಒಂದು ಪದಕ್ಕೆ ಹತ್ತು ಅರ್ಥ ಇದ್ರೆ ಮೊದಲು ಕಲಿಯೋದು ಯಾವುದನ್ನ?

ಪ್ರಶ್ನೆ: ಮೇಡಂ, ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಈಗ ಬಿಕಾಂ ಮುಗಿಸಿ ಬ್ಯಾಂಕ್ ಎಕ್ಸಾಮ್‌ಗೆ ಓದ್ತಿದೀನಿ. ದಿನಾ ಇಂಗ್ಲಿಷ್ ಪೇಪರ್ ಓದಿ ಗೊತ್ತಿಲ್ಲದ ಪದಗಳನ್ನ ಡಿಕ್ಷನರಿಲಿ ನೋಡಿ ಬರ್ಕೊತೀನಿ. ಮೊನ್ನೆ ಚಾರ್ಜ್ ಅನ್ನೋ ಪದ ನೋಡಿದ್ರೆ ಸ್ಕ್ರೋಲ್ ಮಾಡಿದಷ್ಟೂ ಅರ್ಥಗಳು. ಎಲ್ಲಾ ಬರ್ಕೊಂಡೆ, ಒಂದೂ ತಲೇಲಿ ನಿಲ್ಲಲಿಲ್ಲ. ಪದದ ಪಕ್ಕ S1, W1, B1 ಅಂತೆಲ್ಲಾ ಇರತ್ತಲ್ಲಾ, ಅದನ್ನ ನೋಡ್ಕೊಂಡು ಯಾವ ಅರ್ಥ ಮೊದಲು ಕಲೀಬೇಕು ಅಂತ ಹೇಗೆ ಡಿಸೈಡ್ ಮಾಡೋದು?

ಉತ್ತರ: ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳಿ, ಯಾಕಂದ್ರೆ ಮುಕ್ಕಾಲು ಗೊಂದಲ ಇಲ್ಲೇ ಇರೋದು. S1, W1 ಅನ್ನೋ ಗುರುತು ಇಡೀ ಪದದ್ದು, ಅದರೊಳಗಿನ ಯಾವ ಒಂದು ಅರ್ಥದ್ದೂ ಅಲ್ಲ. ಇದು ಲಾಂಗ್‌ಮನ್ ಡಿಕ್ಷನರಿಯ ಗುರುತು. S ಅಂದ್ರೆ ಮಾತಿನ ಇಂಗ್ಲಿಷ್, W ಅಂದ್ರೆ ಬರವಣಿಗೆ. S1 ಅಂದ್ರೆ ಮಾತಲ್ಲಿ ಅತಿ ಹೆಚ್ಚು ಬಳಕೆ ಆಗೋ ಮೊದಲ 1000 ಪದಗಳಲ್ಲಿ ಇದೂ ಒಂದು, S2 ಅಂದ್ರೆ ಅದರ ನಂತರದ 1000, S3 ಅದಕ್ಕೂ ನಂತರದ್ದು. W1, W2, W3 ಕೂಡ ಹಾಗೇ, ಬರವಣಿಗೆ ಲೆಕ್ಕದಲ್ಲಿ. ಈಗ ಬ್ಯಾಂಕ್ ಅನ್ನೋ ಪದ ತಗೊಳ್ಳಿ, ನಾಮಪದವಾಗಿ ಅದಕ್ಕೆ S1 W1 ಇದೆ, ಆದ್ರೆ ಆ ಗುರುತನ್ನ ಸಂಪಾದಿಸಿಕೊಟ್ಟಿದ್ದು ದುಡ್ಡಿಡೋ ಬ್ಯಾಂಕು. ನದಿ ದಡ ಅನ್ನೋ ಅರ್ಥ ಅದೇ ತಲೆಬರಹದ ಕೆಳಗೆ ಸುಮ್ನೆ ಕೂತಿರತ್ತೆ, ಅದಕ್ಕೆ ಸ್ವಂತ ಗುರುತು ಏನೂ ಇಲ್ಲ. ಅದಕ್ಕೇ 'ಇದು S1 ಪದ, ಹಾಗಾಗಿ ಇದರ ಎಲ್ಲಾ ಅರ್ಥನೂ ಕಲೀಲೇಬೇಕು' ಅಂತ ಹೊರಟ್ರೆ ನಿಮಗೆ ಚಾರ್ಜ್‌ನಲ್ಲಿ ಆಗಿದ್ದೇ ಎಲ್ಲಾ ಪದಕ್ಕೂ ಆಗತ್ತೆ.

ಯಾಕೆ ಹೀಗೆ ಅಂದ್ರೆ ಈ ಲೆಕ್ಕ ಮಾಡೋದು ಕಾರ್ಪಸ್‌ನಿಂದ, ಅಂದ್ರೆ ಪುಸ್ತಕ, ಪೇಪರ್, ರೆಕಾರ್ಡ್ ಮಾಡಿದ ಮಾತುಕತೆ ಎಲ್ಲಾ ಸೇರಿಸಿದ ದೊಡ್ಡ ಸಂಗ್ರಹದಿಂದ. ಒಂದು ಪದ ಎಷ್ಟು ಸಲ ಬಂತು ಅಂತ ಕಂಪ್ಯೂಟರ್ ಕ್ಷಣದಲ್ಲಿ ಎಣಿಸತ್ತೆ, ನಾಮಪದವಾಗಿ ಎಷ್ಟು ಕ್ರಿಯಾಪದವಾಗಿ ಎಷ್ಟು ಅಂತಲೂ ಹೆಚ್ಚುಕಮ್ಮಿ ಸರಿಯಾಗಿ ಬೇರೆ ಮಾಡತ್ತೆ. ಆದ್ರೆ ಈ ವಾಕ್ಯದಲ್ಲಿ ಚಾರ್ಜ್ ಅಂದ್ರೆ ಶುಲ್ಕವೋ ಆರೋಪವೋ ಅನ್ನೋದನ್ನ ಎಣಿಸೋದು ತುಂಬಾ ಕಷ್ಟದ ಕೆಲಸ, ಅದಕ್ಕೆ ಸಾಲು ಸಾಲು ಓದೋ ಮನುಷ್ಯರು ಬೇಕು. ಹಿಂದೆ ಒಮ್ಮೆ ಹಾಗೂ ಮಾಡಿದ್ರು ಅನ್ನೋದು ಕುತೂಹಲದ ವಿಷಯ. ಒಂದು ಕಾಲದಲ್ಲಿ ಢಾಕಾದ ಟೀಚರ್ಸ್ ಟ್ರೇನಿಂಗ್ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಅನ್ನೋರು 1953ರಲ್ಲಿ ಹೊರತಂದ ಜನರಲ್ ಸರ್ವಿಸ್ ಲಿಸ್ಟ್‌ನಲ್ಲಿ ಸುಮಾರು 2000 ಪದಗಳಿದ್ವು, ಪದದ ಒಳಗಿನ ಅರ್ಥಗಳಿಗೂ ಇದು ಶೇಕಡಾ ಇಷ್ಟು, ಅದು ಶೇಕಡಾ ಇಷ್ಟು ಅಂತ ಹಾಕಿದ್ರು. ಇವತ್ತಿನ ಲರ್ನರ್ ಡಿಕ್ಷನರಿಗಳಲ್ಲಿ ಆ ಶೇಕಡಾ ಲೆಕ್ಕ ಸಿಗಲ್ಲ. ಅದರ ಬದಲು ನಮಗೆ ಸಿಗೋದು ಅರ್ಥಗಳನ್ನ ಜೋಡಿಸಿರೋ ಕ್ರಮ, ಕೆಲವು ಕಡೆ ಅರ್ಥದ ಪಕ್ಕ ಇರೋ ಮಟ್ಟದ ಗುರುತು, ಆಮೇಲೆ ಉದಾಹರಣೆ ವಾಕ್ಯಗಳು. ಈ ಮೂರನ್ನ ಜೊತೆಗಿಟ್ಟು ನೋಡಬೇಕು.

ಕ್ರಮದ ಬಗ್ಗೆ ಒಂದು ಎಚ್ಚರಿಕೆ. ಲಾಂಗ್‌ಮನ್‌ನಂಥ ಲರ್ನರ್ ಡಿಕ್ಷನರಿಯಲ್ಲಿ ಹೆಚ್ಚು ಬಳಕೆಯ ಅರ್ಥ ಮೊದಲು ಬರತ್ತೆ. ಎಲ್ಲಾ ಡಿಕ್ಷನರಿಲೂ ಹಾಗಿಲ್ಲ. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ಕಾಲೇಜಿಯೇಟ್ ಡಿಕ್ಷನರಿ ಅರ್ಥಗಳನ್ನ ಇತಿಹಾಸದ ಕ್ರಮದಲ್ಲಿ ಜೋಡಿಸತ್ತೆ, ಅಂದ್ರೆ ಮೊದಲು ಹುಟ್ಟಿದ್ದು ಮೊದಲು, ಅದು ಇವತ್ತು ಯಾರೂ ಬಳಸದ ಅರ್ಥ ಆಗಿದ್ರೂ ಸರಿ. (ಅವರದ್ದೇ ಲರ್ನರ್ಸ್ ಡಿಕ್ಷನರಿ ಬೇರೆ ಇದೆ.) ನಮ್ಮ ಇಂಗ್ಲಿಷ್ ಕನ್ನಡ ನಿಘಂಟುಗಳ ಕಥೆ ಇನ್ನೊಂದು ಥರ. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್ ಕನ್ನಡ ನಿಘಂಟು ನನ್ನ ಮೇಜಿನ ಮೇಲೆ ಯಾವಾಗ್ಲೂ ಇರತ್ತೆ, ಅನುವಾದ ಮಾಡೋರಿಗೆ ಅದು ದೊಡ್ಡ ಆಸ್ತಿ. ಆದ್ರೆ ಯಾವ ಅರ್ಥ ದಿನಾ ಬರತ್ತೆ ಯಾವುದು ಅಪರೂಪ ಅಂತ ಹೇಳೋದು ಅದರ ಕೆಲಸ ಅಲ್ಲ. ಶುಲ್ಕ, ಹೊಣೆ, ಆರೋಪ, ದಾಳಿ, ವಿದ್ಯುದಾವೇಶ ಅಂತ ಸಾಲಾಗಿ ಓದ್ಕೊಂಡು ಹೋದ್ರೆ ಎಲ್ಲಾ ಒಂದೇ ತೂಕದ್ದು ಅನ್ಸತ್ತೆ. ನಿಮ್ಮ ನೋಟ್‌ಬುಕ್‌ನಲ್ಲಿ ಆಗಿರೋದೂ ಬಹುಶಃ ಇದೇ.

ಇನ್ನು B1 ಥರದ ಗುರುತು. ಇದು ಯುರೋಪಿನ ಭಾಷಾ ಮಟ್ಟದ ಅಳತೆ, A1 ಶುರುವಿನ ಮೆಟ್ಟಿಲು, C2 ಕೊನೇದು. ಕೇಂಬ್ರಿಡ್ಜ್ ಡಿಕ್ಷನರಿ ವೆಬ್‌ಸೈಟ್‌ನಲ್ಲಿ ಇದು ಅರ್ಥದ ಪಕ್ಕದಲ್ಲೇ ಇರತ್ತೆ, ಅದೇ ಇದರ ದೊಡ್ಡ ಅನುಕೂಲ. ಆಕ್ಸ್‌ಫರ್ಡ್‌ನ ಲರ್ನರ್ ಡಿಕ್ಷನರಿ ಸೈಟಿನಲ್ಲೂ ಮುಖ್ಯ ಪದಗಳ ಒಳಗೆ ಒಂದೊಂದು ಅರ್ಥಕ್ಕೂ ಮಟ್ಟ ಹಾಕಿದಾರೆ. ಆದ್ರೆ ಇದನ್ನ ಬಳಕೆಯ ಲೆಕ್ಕ ಅಂತ ಓದಬೇಡಿ. ಕೇಂಬ್ರಿಡ್ಜ್‌ನವರು ಇದಕ್ಕೆ ಇಂಗ್ಲಿಷ್ ಕಲಿಯೋರು ಪರೀಕ್ಷೆಗಳಲ್ಲಿ ಬರೆದ ಉತ್ತರಗಳ ದೊಡ್ಡ ಸಂಗ್ರಹ ಇಟ್ಕೊಂಡು ಕೆಲಸ ಮಾಡಿದ್ರು, ಯಾವ ಹಂತದವರಿಗೆ ಯಾವ ಪದದ ಯಾವ ಅರ್ಥ ಬರತ್ತೆ ಅಂತ ನೋಡಿ ಹಾಕಿರೋ ಗುರುತು ಅದು. ಅಂದ್ರೆ ಲಾಂಗ್‌ಮನ್ ಗುರುತು 'ಇಂಗ್ಲಿಷ್‌ನವರು ಎಷ್ಟು ಬಳಸ್ತಾರೆ' ಅಂತ ಹೇಳಿದ್ರೆ ಕೇಂಬ್ರಿಡ್ಜ್ ಗುರುತು 'ಕಲಿಯೋರಿಗೆ ಸಾಮಾನ್ಯವಾಗಿ ಯಾವಾಗ ಬರತ್ತೆ' ಅಂತ ಹೇಳತ್ತೆ. ಎರಡೂ ಒಂದೇ ಅರ್ಥದ ಕಡೆ ಬೆರಳು ತೋರಿಸಿದ್ರೆ ಯೋಚನೆ ಮಾಡೋದೇ ಬೇಡ, ಅದೇ ಮೊದಲು. ಅಂದಹಾಗೆ ಹಳೇ ಲೇಖನಗಳಲ್ಲಿ ಮ್ಯಾಕ್‌ಮಿಲನ್ ಡಿಕ್ಷನರಿಯ ಕೆಂಪು ನಕ್ಷತ್ರದ ಗುರುತು ನೋಡಿ ಅಂತ ಇರತ್ತೆ, ಆ ವೆಬ್‌ಸೈಟು 2023ರಲ್ಲಿ ಮುಚ್ಚಿತು, ಹುಡುಕ್ತಾ ಕೂರಬೇಡಿ.

ಸರಿ, ಈಗ ನಿಮ್ಮ ಚಾರ್ಜ್‌ಗೇ ಬರೋಣ.

ಡಿಕ್ಷನರಿ ತೆಗೆಯೋ ಮೊದಲು ಪೇಪರಿನ ಸಾಲಿಗೆ ವಾಪಸ್ ಹೋಗಿ ಅದು ಅಲ್ಲಿ ನಾಮಪದವಾ ಕ್ರಿಯಾಪದವಾ ನೋಡಿ. ಇದೇನು ಗ್ರಾಮರ್ ಕ್ಲಾಸ್ ಅನ್ಬೇಡಿ, ಇದರಿಂದ ಅರ್ಧ ಅರ್ಥಗಳು ಒಂದೇಟಿಗೆ ಪಕ್ಕಕ್ಕೆ ಹೋಗತ್ವೆ. ಡಿಕ್ಷನರಿಲಿ ಎರಡಕ್ಕೂ ಬೇರೆ ಬೇರೆ ತಲೆಬರಹ, ಬೇರೆ ಬೇರೆ ಗುರುತು. ಫೈನ್ ಪದದಲ್ಲಿ ಇದು ಚೆನ್ನಾಗಿ ಕಾಣತ್ತೆ. 'ಐ ಆಮ್ ಫೈನ್' ಅನ್ನೋ ಫೈನ್ ವಿಶೇಷಣ, ಮಾತಲ್ಲಿ ಅದು S1. ಟ್ರಾಫಿಕ್ ಪೊಲೀಸ್ ಹಾಕೋ ಫೈನ್ ನಾಮಪದ, ಅದರ ತಲೆಬರಹ ಬೇರೆ, ಮೇಲಿನ S1ಗೂ ಅದಕ್ಕೂ ಸಂಬಂಧ ಇಲ್ಲ. ಗುರುತು ನೋಡೋವಾಗ ಯಾವ ತಲೆಬರಹದ ಕೆಳಗೆ ಇದೀವಿ ಅನ್ನೋದು ಗೊತ್ತಿಲ್ದೆ ಇದ್ರೆ ಇಡೀ ಲೆಕ್ಕನೇ ತಪ್ಪತ್ತೆ.

ಈಗ ಲಾಂಗ್‌ಮನ್ ತೆಗೀರಿ. ಚಾರ್ಜ್ ನಾಮಪದದಲ್ಲಿ ಮೊದಲನೇ ಅರ್ಥ ದುಡ್ಡು, ಅಂದ್ರೆ ಸೇವೆಗೆ ಕೊಡೋ ಶುಲ್ಕ. ಎರಡನೇದು ಜವಾಬ್ದಾರಿ, ನಮ್ಮ ಇನ್‌ಚಾರ್ಜ್ ಬರೋದು ಅಲ್ಲಿಂದ. ಪೊಲೀಸ್ ಆರೋಪ, ದಾಳಿ, ವಿದ್ಯುತ್ತು ಎಲ್ಲಾ ಅದಾದ ಮೇಲೆ. ಕ್ರಿಯಾಪದದಲ್ಲೂ ಮೊದಲು ದುಡ್ಡೇ. ಉದ್ದದ ಪದಗಳಿಗೆ ಲಾಂಗ್‌ಮನ್‌ನವರು ಹೆಚ್ಚಿನ ಅರ್ಥಗಳ ಮೇಲೆ ಒಂದೆರಡು ಪದದ ಸಣ್ಣ ಹೆಡ್ಡಿಂಗ್ ಹಾಕಿರ್ತಾರೆ, ದುಡ್ಡು, ಅಪರಾಧ, ವಿದ್ಯುತ್ತು ಅನ್ನೋ ಥರ. ಮೊದಲ ಸುತ್ತಲ್ಲಿ ಅದನ್ನ ಮಾತ್ರ ಓದಿ, ವಿವರಣೆ ಓದೋಕೆ ಹೋಗಬೇಡಿ. ಅರ್ಧ ನಿಮಿಷದಲ್ಲಿ ಇಡೀ ಪದದ ನಕ್ಷೆ ಸಿಗತ್ತೆ. ಆಮೇಲೆ ಕೇಂಬ್ರಿಡ್ಜ್‌ನಲ್ಲಿ ನೋಡಿ, ದುಡ್ಡಿನ ಅರ್ಥಕ್ಕೆ B1 ಇದೆ, ಆರೋಪದ ಅರ್ಥ ಅದಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಇದೆ. ಎರಡು ಡಿಕ್ಷನರಿನೂ ದುಡ್ಡಿನ ಮೇಲೆ ಒಪ್ಪಿದ್ವು, ಹಾಗಾಗಿ ಮೊದಲನೇ ಸ್ಥಾನ ಫಿಕ್ಸ್. ಎರಡನೇ ಮೂರನೇ ಸ್ಥಾನಕ್ಕೆ ಡಿಕ್ಷನರಿಯಿಂದ ಡಿಕ್ಷನರಿಗೆ ಕ್ರಮ ಬದಲಾಗತ್ತೆ, ಅದರ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ, ಅಲ್ಲಿ ನಿಮ್ಮ ಓದು ತೀರ್ಮಾನ ಮಾಡ್ಲಿ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು, 'ಮೇಡಂ, ಶುಲ್ಕ ಅನ್ನೋದು ನಂಗೆ ಮೊದಲೇ ಗೊತ್ತಿತ್ತು, ಬಸ್ ಚಾರ್ಜ್ ಅಂತ ಚಿಕ್ಕವನಿದ್ದಾಗಿಂದ ಹೇಳ್ತಿದೀನಿ, ಇದರಲ್ಲಿ ಕಲಿಯೋದೇನು' ಅಂತ. ಇಲ್ಲೇ ನೋಡಿ ಉದಾಹರಣೆ ವಾಕ್ಯ ಬೇಕಾಗೋದು. ಅರ್ಥ ಗೊತ್ತಿರೋದು ಬೇರೆ, ಆ ಅರ್ಥ ಇಂಗ್ಲಿಷ್ ವಾಕ್ಯದಲ್ಲಿ ಹೇಗೆ ಕೂರತ್ತೆ ಅಂತ ಗೊತ್ತಿರೋದು ಬೇರೆ. ನಾವು ಕನ್ನಡದಲ್ಲಿ 'ನನಗೆ ಐನೂರು ರೂಪಾಯಿ ಚಾರ್ಜ್ ಮಾಡಿದ್ರು' ಅಂತೀವಿ. ಆ 'ನನಗೆ' ಇದೆಯಲ್ಲಾ, ಅದನ್ನ ಹಾಗೇ ಇಂಗ್ಲಿಷಿಗೆ ಎತ್ಕೊಂಡು ಹೋಗಿ 'ಚಾರ್ಜ್ಡ್ ಟು ಮಿ' ಅಂತ ಬರೀತಾರೆ ನನ್ನ ಕ್ಲಾಸಿನ ಹುಡುಗರು. ಡಿಕ್ಷನರಿಯ ದುಡ್ಡಿನ ಅರ್ಥದ ಕೆಳಗಿರೋ ಉದಾಹರಣೆಗಳನ್ನ ಒಂದರ ಕೆಳಗೆ ಒಂದು ಓದಿ, ಯಾರಿಗೆ ಅನ್ನೋದು ಇರೋ ವಾಕ್ಯದಲ್ಲೆಲ್ಲಾ ಅದು ನೇರವಾಗಿ ಪಕ್ಕದಲ್ಲೇ ಬರತ್ತೆ, ಆಮೇಲೆ ಎಷ್ಟು, ಆಮೇಲೆ ಫಾರ್ ಹಾಕಿ ಯಾತಕ್ಕೆ. 'ದೇ ಚಾರ್ಜ್ಡ್ ಮಿ ಫೈವ್ ಹಂಡ್ರೆಡ್ ರುಪೀಸ್ ಫಾರ್ ದ ರಿಪೇರ್.' ಟು ಇಲ್ಲ. ಈ ಅಚ್ಚು ಸಿಕ್ಕಿದ ಮೇಲೇನೇ ಆ ಅರ್ಥ ಕಲಿತ ಹಾಗೆ.

(ಟು ಎಲ್ಲೂ ಬರೋದೇ ಇಲ್ಲ ಅಂತಲ್ಲ. ಖರ್ಚನ್ನ ಕಂಪನಿ ಅಕೌಂಟಿಗೋ ಕಾರ್ಡಿಗೋ ಹಾಕಿದ್ರೆ 'ಚಾರ್ಜ್ ಇಟ್ ಟು ದ ಅಕೌಂಟ್' ಅಂತಾರೆ. ಅದು ಬೇರೆ ಬಳಕೆ. ಬ್ಯಾಂಕಿಗೆ ಸೇರಿದ ಮೇಲೆ ಅದು ತಾನಾಗೇ ಬರತ್ತೆ.)

ಈಗ ಆರೋಪದ ಅರ್ಥದ ಕೆಳಗೆ ನೋಡಿ. ಅಲ್ಲಿ ಕರ್ತೃ ಬದಲಾಗಿರತ್ತೆ, ಮೆಕ್ಯಾನಿಕ್ಕು, ಹೋಟೆಲ್ಲು, ಬ್ಯಾಂಕು ಹೋಗಿ ಪೊಲೀಸ್ ಬಂದಿರತ್ತೆ. ಫಾರ್ ಜಾಗದಲ್ಲಿ ವಿತ್ ಬಂದಿರತ್ತೆ. 'ಪೊಲೀಸ್ ಚಾರ್ಜ್ಡ್ ಹಿಮ್ ವಿತ್ ಮರ್ಡರ್.' ಅದೂ ಅಲ್ದೆ ಪೇಪರಿನಲ್ಲಿ ಬಹಳ ಸಲ ಕರ್ತೃನೇ ಇರಲ್ಲ, 'ವಾಸ್ ಚಾರ್ಜ್ಡ್ ವಿತ್' ಅಂತ ಕರ್ಮಣಿ ಪ್ರಯೋಗ. ಇಲ್ಲೂ ಕನ್ನಡ ನಮ್ಮನ್ನ ಎಳೆಯತ್ತೆ, 'ಅವನ ಮೇಲೆ ಆರೋಪ ಹೊರಿಸಿದ್ರು' ಅನ್ನೋ 'ಮೇಲೆ' ತಂದು 'ಚಾರ್ಜ್ಡ್ ಆನ್ ಹಿಮ್' ಅಂತ ಬರೆದುಬಿಡ್ತೀವಿ. ಎಕ್ಸಾಮ್‌ನಲ್ಲಿ ತಪ್ಪು ಹುಡುಕೋ ಪ್ರಶ್ನೆಗೆ ಇಂಥಾ ಜಾಗ ಚೆನ್ನಾಗಿ ಹೊಂದತ್ತೆ.

ಈಗ ಜವಾಬ್ದಾರಿಯ ಅರ್ಥ. ಅಲ್ಲಿನ ಉದಾಹರಣೆಗಳಲ್ಲಿ ಚಾರ್ಜ್ ಒಂಟಿಯಾಗಿ ಬರೋದೇ ಕಮ್ಮಿ, 'ಇನ್ ಚಾರ್ಜ್ ಆಫ್' ಅಥವಾ 'ಟೇಕ್ ಚಾರ್ಜ್' ಅಂತ ಗುಂಪಾಗೇ ಬರತ್ತೆ. ಡಿಕ್ಷನರಿಯವರು ಅದನ್ನ ದಪ್ಪ ಅಕ್ಷರದಲ್ಲಿ ಹಾಕಿರ್ತಾರೆ. ದಪ್ಪ ಅಕ್ಷರ ಕಂಡ್ರೆ ಆ ಪದವನ್ನ ಒಂಟಿಯಾಗಿ ಕಲೀಬೇಡಿ, ಇಡೀ ತುಂಡು ಬಾಯಿಗೆ ಬರೋ ಹಾಗೆ ಕಲೀರಿ. ನಮ್ಮ ಕಡೆ ಇನ್‌ಚಾರ್ಜ್ ಅನ್ನೋದು ಒಬ್ಬ ಮನುಷ್ಯ ಆಗಿಬಿಟ್ಟಿದೆ, 'ಇನ್‌ಚಾರ್ಜ್ ಇಲ್ಲ, ನಾಳೆ ಬನ್ನಿ' ಅಂತಾರೆ ಆಫೀಸಲ್ಲಿ. ಡಿಕ್ಷನರಿ ಉದಾಹರಣೆಗಳಲ್ಲಿ ಅದು ಮನುಷ್ಯ ಅಲ್ಲ, ಒಬ್ಬರು ಯಾವುದರದ್ದೋ 'ಇನ್ ಚಾರ್ಜ್' ಆಗಿ ಇರ್ತಾರೆ. ಈ ವ್ಯತ್ಯಾಸ ಅರ್ಥ ನೋಡಿದ್ರೆ ಸಿಗಲ್ಲ, ವಾಕ್ಯ ನೋಡಿದ್ರೆ ಮಾತ್ರ ಸಿಗತ್ತೆ.

ಅಂದ್ರೆ ಫಾರ್, ವಿತ್, ಆಫ್ ಅನ್ನೋ ಈ ಪುಟಾಣಿ ಪದಗಳೇ ಅರ್ಥಗಳನ್ನ ಒಂದರಿಂದ ಒಂದು ಬೇರೆ ಮಾಡ್ತಿವೆ. ಗೂಳಿ ನುಗ್ಗಿ ಬರೋ ಅರ್ಥಕ್ಕೆ ಅಟ್ ಬರತ್ತೆ. ಪೇಪರ್ ಓದ್ತಾ ಚಾರ್ಜ್ಡ್ ಕಂಡ ತಕ್ಷಣ ಮುಂದಿನ ನಾಲ್ಕೈದು ಪದ ನೋಡೋ ಅಭ್ಯಾಸ ಮಾಡ್ಕೊಳ್ಳಿ, ವಿತ್ ಕಂಡ್ರೆ ಕೋರ್ಟ್ ವಿಷಯ ಇರಬೇಕು, ಫಾರ್ ಕಂಡ್ರೆ ದುಡ್ಡು ಇರಬೇಕು, ಬಹುಪಾಲು ಸಲ ಇದು ಸರಿಹೋಗತ್ತೆ.

ಇನ್ನು ಉಳಿದವು. ಮೊಬೈಲ್ ಚಾರ್ಜ್ ಮಾಡೋದು ನಿಮಗೆ ಗೊತ್ತು, ಅದಕ್ಕೆ ಒಂದು ನಿಮಿಷನೂ ಖರ್ಚು ಮಾಡಬೇಡಿ, ನೋಟ್‌ಬುಕ್‌ಗೂ ಬೇಡ. ಲಾಠಿ ಚಾರ್ಜ್ ಅಂತ ಕನ್ನಡ ಪೇಪರಲ್ಲೇ ಓದಿರ್ತೀರಿ, ಹಾಗಾಗಿ ನುಗ್ಗೋದು, ದಾಳಿ ಮಾಡೋದು ಅನ್ನೋ ಅರ್ಥಕ್ಕೂ ನಿಮ್ಮ ಹತ್ರ ಒಂದು ಗೂಟ ಇದೆ, ಸದ್ಯಕ್ಕೆ ಸಾಕು. ವಿದ್ಯುದಾವೇಶ ಹೈಸ್ಕೂಲ್ ವಿಜ್ಞಾನದಲ್ಲಿ ಬಂದಿತ್ತು, ಬ್ಯಾಂಕ್ ಎಕ್ಸಾಮ್‌ಗೆ ಅದರ ಇಂಗ್ಲಿಷ್ ಹೆಸರು ನೆನಪಿಲ್ದೆ ಇದ್ರೂ ನಡೆಯತ್ತೆ. ಕನ್ನಡದವರಿಗೆ ಇದೊಂದು ದೊಡ್ಡ ಲಾಭ, ಸಾವಿರಾರು ಇಂಗ್ಲಿಷ್ ಪದಗಳು ಒಂದೊಂದು ಅರ್ಥ ಹೊತ್ಕೊಂಡು ನಮ್ಮ ಮನೆಯೊಳಗೆ ಬಂದಿವೆ. ಡಿಕ್ಷನರಿ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ, ನೀವು ತಗೋಬೇಕು. ಅರ್ಥಗಳ ಸಾಲು ಓದೋವಾಗ ಮೊದಲೇ ಕನ್ನಡದಲ್ಲಿ ಬಳಸ್ತಿರೋದನ್ನ ಟಿಕ್ ಮಾಡಿ ಪಕ್ಕಕ್ಕಿಟ್ರೆ ನಿಜವಾಗ್ಲೂ ಕಲಿಯೋಕೆ ಉಳಿಯೋದು ಎರಡೋ ಮೂರೋ.

ಹಾಗಾದ್ರೆ ಚಾರ್ಜ್‌ಗೆ ನಿಮ್ಮ ನೋಟ್‌ಬುಕ್‌ನಲ್ಲಿ ಇರಬೇಕಾದ್ದು ಮೂರೇ ಸಾಲು. ಒಂದು ದುಡ್ಡು, ಫಾರ್ ಇರೋ ವಾಕ್ಯದ ಜೊತೆ. ಎರಡು 'ಇನ್ ಚಾರ್ಜ್ ಆಫ್', ಒಂದು ವಾಕ್ಯ. ಮೂರು ಆರೋಪ, ವಿತ್ ಇರೋ ವಾಕ್ಯ. ಕೇಂಬ್ರಿಡ್ಜ್ ಮಟ್ಟದ ಪ್ರಕಾರ ಹೋದ್ರೆ ಮೂರನೇದನ್ನ ಇನ್ನೂ ಸ್ವಲ್ಪ ದಿನ ಮುಂದೂಡಬಹುದಿತ್ತು, ಆದ್ರೆ ನೀವು ದಿನಾ ಪೇಪರ್ ಓದ್ತೀರಿ, ಕ್ರೈಮ್ ಸುದ್ದಿ, ಕೋರ್ಟ್ ಸುದ್ದಿ ಇಲ್ಲದ ಪೇಪರ್ ಇಲ್ಲ, ನಿಮ್ಮ ಓದಿನಲ್ಲಿ ಅದು ಎರಡನೇದಕ್ಕಿಂತ ಹೆಚ್ಚು ಸಲನೂ ಬರಬಹುದು. ಬೆಂಗಳೂರಲ್ಲಿ ಹೋಟೆಲ್ ರಿಸೆಪ್ಶನ್‌ನಲ್ಲಿ ಕೆಲಸ ಮಾಡೋರು ಇದೇ ಪ್ರಶ್ನೆ ಕೇಳಿದ್ರೆ ನಾನು ಆರೋಪದ ಅರ್ಥ ಬಿಟ್ಟು 'ಫ್ರೀ ಆಫ್ ಚಾರ್ಜ್', 'ಎಕ್ಸ್‌ಟ್ರಾ ಚಾರ್ಜ್' ಇವನ್ನ ಕೊಡ್ತಿದ್ದೆ. S ಗುರುತು, W ಗುರುತು ಬೇರೆ ಬೇರೆ ಇಟ್ಟಿರೋದೂ ಇದಕ್ಕೇ, ನಿಮಗೆ ಈಗ ಓದೋದು ಮುಖ್ಯವಾ ಮಾತಾಡೋದು ಮುಖ್ಯವಾ ಅನ್ನೋದರ ಮೇಲೆ ಯಾವುದನ್ನ ನೋಡಬೇಕು ಅನ್ನೋದು ಬದಲಾಗತ್ತೆ. ಇಂಟರ್‌ವ್ಯೂ ಹಂತಕ್ಕೆ ಬಂದಾಗ S ನೋಡಿ, ಸದ್ಯಕ್ಕೆ W.

ಯಾವ ಉದಾಹರಣೆ ವಾಕ್ಯ ಬರ್ಕೊಳ್ಳೋದು ಅನ್ನೋದರಲ್ಲೂ ಸ್ವಲ್ಪ ಆರಿಸಿ. ಒಂದು ಅರ್ಥಕ್ಕೆ ಮೂರ್ನಾಲ್ಕು ಉದಾಹರಣೆ ಇರತ್ತೆ, ಅದರಲ್ಲಿ ಚಾರ್ಜ್ ಬಿಟ್ಟು ಬೇರೆ ಯಾವ ಕಷ್ಟದ ಪದನೂ ಇಲ್ಲದ ವಾಕ್ಯ ತಗೊಳ್ಳಿ. ಅದನ್ನ ಇದ್ದ ಹಾಗೇ ಒಮ್ಮೆ ಬರೆದು, ಕೆಳಗೆ ಅದೇ ಅಚ್ಚಲ್ಲಿ ನಿಮ್ಮೂರಿನ ಮೆಕ್ಯಾನಿಕ್ಕೋ ಜೆರಾಕ್ಸ್ ಅಂಗಡಿಯೋ ಹಾಕಿ ಇನ್ನೊಂದು ವಾಕ್ಯ ಮಾಡಿ, ಆದ್ರೆ ಫಾರ್ ಜಾಗ ಮುಟ್ಟಬೇಡಿ. ಲಾಂಗ್‌ಮನ್ ಸೈಟಿನಲ್ಲಿ ಪುಟದ ಕೆಳಗೆ ಕಾರ್ಪಸ್‌ನಿಂದ ನೇರವಾಗಿ ತೆಗೆದ ಉದಾಹರಣೆಗಳ ಇನ್ನೊಂದು ಪಟ್ಟಿ ಇರತ್ತೆ, ಅವು ಹೆಚ್ಚಿನವು ಕತ್ತರಿಸಿ ತಂದ ನ್ಯೂಸ್ ಸಾಲುಗಳು, ಉದ್ದ, ಹಿಂದುಮುಂದು ಗೊತ್ತಾಗಲ್ಲ. ಮೊದಲ ದಿನವೇ ಅಲ್ಲಿಗೆ ಹೋದ್ರೆ ಒಂದು ಪದ ಕಲಿಯೋಕೆ ಹೋಗಿ ಐದು ಹೊಸ ಪದ ತಗೊಂಡು ಬರ್ತೀರಿ. ಅರ್ಥದ ಕೆಳಗೇ ಎಡಿಟರ್‌ಗಳು ಆರಿಸಿ ಇಟ್ಟಿರೋ ಉದಾಹರಣೆಗಳು ಸಾಕು. ಕಾರ್ಪಸ್ ಪಟ್ಟಿನ ಸ್ವಲ್ಪ ದಿನ ಬಿಟ್ಟು ಟೆಸ್ಟ್ ಥರ ಬಳಸಿ, ಪ್ರತಿ ಸಾಲು ಓದಿ ಇದು ಒಂದನೇ ಅರ್ಥವೋ ಮೂರನೇದೋ ಅಂತ ಪಕ್ಕದಲ್ಲಿ ನಂಬರ್ ಹಾಕ್ತಾ ಹೋಗಿ. ನಂಬರ್ ಹಾಕೋಕೆ ಆಗದೆ ಇರೋ ಸಾಲು ಬಂದ್ರೆ ಆಗ ನಾಲ್ಕನೇ ಅರ್ಥ ಕಲಿಯೋ ಸಮಯ ಬಂತು ಅಂತ.

ಒಂದು ಪ್ರಶ್ನೆ ಕ್ಲಾಸಲ್ಲಿ ಆಗಾಗ ಬರತ್ತೆ, ಎಲ್ಲಾ ಅರ್ಥಗಳ ಮೂಲದಲ್ಲಿ ಒಂದೇ ಅರ್ಥ ಇರತ್ತಲ್ಲಾ, ಅದನ್ನೇ ಮೊದಲು ಕಲಿತರೆ ಉಳಿದಿದ್ದೆಲ್ಲಾ ತಾನಾಗೇ ಬರಲ್ವಾ ಅಂತ. ಚಾರ್ಜ್‌ನ ಲ್ಯಾಟಿನ್ ಮೂಲ ಗಾಡಿಗೆ ಹೊರೆ ತುಂಬೋದು. ಕನ್ನಡದಲ್ಲೂ ಆರೋಪ ಹೊರಿಸ್ತೀವಿ, ಜವಾಬ್ದಾರಿ ಹೊರಿಸ್ತೀವಿ, ಖರ್ಚು ಹೊರಿಸ್ತೀವಿ, ಎಷ್ಟು ಚೆನ್ನಾಗಿ ಹೊಂದತ್ತೆ ನೋಡಿ. ಆದ್ರೆ ಇದು ಮೂರು ಅರ್ಥ ಕಲಿತಾದ ಮೇಲೆ ಒಟ್ಟಿಗೆ ಕಟ್ಟಿಡೋಕೆ ಒಳ್ಳೇ ಹಗ್ಗ, ಶುರು ಮಾಡೋಕೆ ಅಲ್ಲ. ಹೊರೆ ಅನ್ನೋದರಿಂದ ಶುರು ಮಾಡಿದ್ರೆ ಫಾರ್ ಯಾಕೆ ವಿತ್ ಯಾಕೆ ಅನ್ನೋದು ತಿಳಿಯಲ್ಲ, ಮೇಲಾಗಿ ಮೂಲದ ಅರ್ಥದಲ್ಲಿ ಚಾರ್ಜ್ ಅನ್ನೋದನ್ನ ಇವತ್ತಿನ ಪೇಪರಲ್ಲಿ ನೀವು ಕಾಣೋದೂ ಇಲ್ಲ.

ಕೊನೇದಾಗಿ ಈ ಗುರುತುಗಳು ಎಲ್ಲಿ ಕೈಕೊಡತ್ವೆ ಅಂತ ಹೇಳ್ಬಿಡ್ತೀನಿ. ಇವುಗಳ ಹಿಂದಿರೋ ಕಾರ್ಪಸ್‌ಗಳಲ್ಲಿ ಮುಖ್ಯವಾಗಿ ಇರೋದು ಬ್ರಿಟನ್, ಅಮೆರಿಕದ ಇಂಗ್ಲಿಷ್, ನಮ್ಮ ತಾಲೂಕು ಆಫೀಸಿನ ಇಂಗ್ಲಿಷ್ ಅಲ್ಲ. ಇಶ್ಯೂ ತಗೊಳ್ಳಿ. ನಾಮಪದವಾಗಿ ಅದಕ್ಕೆ ಲಾಂಗ್‌ಮನ್‌ನಲ್ಲಿ ದೊಡ್ಡ ಗುರುತು ಇದೆ, ಮೊದಲ ಅರ್ಥ ಚರ್ಚೆಯ ವಿಷಯ, ಸಮಸ್ಯೆ. ಆಮೇಲೆ ಪತ್ರಿಕೆಯ ಸಂಚಿಕೆ. ಮಕ್ಕಳು ಅನ್ನೋ ಅರ್ಥ ಎಲ್ಲೋ ಕೊನೇಲಿ, ಹಳೇ ಕಾನೂನು ಭಾಷೆ ಅನ್ನೋ ಹಾಗೆ ಇರತ್ತೆ. ನಮ್ಮಲ್ಲಿ ಮದುವೆ ಜಾಹೀರಾತಿನಲ್ಲಿ 'ಇಶ್ಯೂಲೆಸ್' ಅಂತ ಇವತ್ತಿಗೂ ಬರತ್ತೆ, 'ಅವರಿಗೆ ಇಶ್ಯೂ ಇಲ್ಲ' ಅಂತ ಮನೆಲೂ ಹೇಳ್ತಾರೆ. ಆಸ್ತಿ ಪತ್ರ ನೋಡೋ ಕೆಲಸದವರಿಗೆ ಈ ಕೊನೇ ಅರ್ಥವೇ ಮೊದಲ ವಾರದಲ್ಲಿ ಬೇಕು.

ನಿಮ್ಮ ವಿಷಯಕ್ಕೆ ಬಂದ್ರೆ ಇಶ್ಯೂನಲ್ಲಿ ನೀವು ನೋಡಬೇಕಾದ್ದು ಕ್ರಿಯಾಪದದ ತಲೆಬರಹ. ರಿಸರ್ವ್ ಬ್ಯಾಂಕ್ ಸುದ್ದಿ ಓದಿದ್ರೆ ಗೈಡ್‌ಲೈನ್ಸ್ ಇಶ್ಯೂ ಮಾಡಿದ್ರು, ನೋಟೀಸ್ ಇಶ್ಯೂ ಮಾಡಿದ್ರು, ಬಾಂಡ್ ಇಶ್ಯೂ ಮಾಡಿದ್ರು ಅಂತ ಸಾಲು ಸಾಲಾಗಿ ಅದೇ ಬರತ್ತೆ. ಅದರ ಉದಾಹರಣೆಗಳನ್ನ ಓದೋವಾಗ ಒಂದು ಕೆಲಸ ಮಾಡಿ, ಇಶ್ಯೂ ಆಗೋ ವಸ್ತು ಯಾವುದು ಅಂತ ಮಾತ್ರ ಪಟ್ಟಿ ಮಾಡಿ, ಹೇಳಿಕೆ, ಎಚ್ಚರಿಕೆ, ಆದೇಶ, ಪಾಸ್‌ಪೋರ್ಟು, ಶೇರು. ಎರಡು ಗುಂಪಾಗಿ ತಾನಾಗೇ ಒಡೆಯತ್ತೆ, ಬಾಯಲ್ಲೋ ಕಾಗದದಲ್ಲೋ ಹೊರಡಿಸೋದು ಒಂದು, ಕೈಗೆ ಕೊಡೋದು ಇನ್ನೊಂದು. ಎರಡಕ್ಕೂ ಒಂದೊಂದು ವಾಕ್ಯ ಬರ್ಕೊಳ್ಳಿ, ಸಂಚಿಕೆ ಅನ್ನೋ ಅರ್ಥ ಹೇಗೂ ಮ್ಯಾಗಝೀನ್ ಓದೋರಿಗೆ ಗೊತ್ತಿರತ್ತೆ, ಉಳಿದಿದ್ದನ್ನ ಸದ್ಯಕ್ಕೆ ಡಿಕ್ಷನರಿಲೇ ಇರೋಕೆ ಬಿಡಿ. ಅದು ನಿಮ್ಮ ಓದಿನಲ್ಲಿ ಎರಡನೇ ಸಲ ಎದುರಾದ ದಿನ ಬರ್ಕೊಂಡ್ರಾಯ್ತು.